ಶರಣುಗೆ ಅತ್ತೆಯ ಪತ್ರ

ಕಲಬುರಗಿ

ಪ್ರೀತಿಯ ಶರಣು, ಆಶೀರ್ವಾದ.

ನಿವೃತ್ತಿಯಾದಾಗ ಬಂದ 12 ಲಕ್ಷವನ್ನು ಶೇರಿಗೆ, ಕ್ರಿಪ್ಟೊಗೆ ಹಾಕು ಅಂದೆಯಲ್ಲ, ಸುಮ್ನೆ ಹೂಂ ಅನ್ನಲಾರೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿ ಈಗ 8.2% ಬಡ್ಡಿ ಇದೆ, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಶೇರು ಅದಕ್ಕಿಂತ ಜಾಸ್ತಿ ಕೊಡಬಹುದು, ಸರಿ. ಆದರೆ ಮಾರುಕಟ್ಟೆ ಬಿದ್ದ ವರ್ಷವೇ ನನ್ನ ಮೊಣಕಾಲಿನ ಆಪರೇಷನ್ ಬಂದರೆ ನಷ್ಟಕ್ಕೆ ಮಾರಬೇಕಾ? ಡಿಮ್ಯಾಟ್ ಖಾತೆ ಯಾರ ಹೆಸರಿನಲ್ಲಿ? ಒಟಿಪಿ ಯಾರ ಫೋನಿಗೆ?

ಶೇರಿಗಾದರೆ ಮಾರುಕಟ್ಟೆಯ ಮೇಲೆ ಕಣ್ಣಿಡುವ ಸೆಬಿ ಇದೆ. ಕ್ರಿಪ್ಟೊ ಮುಳುಗಿದರೆ ಯಾರ ಬಾಗಿಲು ತಟ್ಟಲಿ? ಲಾಭಕ್ಕೆ 30% ತೆರಿಗೆ, ಒಂದು ಕ್ರಿಪ್ಟೊದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ, ಗೊತ್ತಲ್ವಾ? ನೀನು ಅದರಲ್ಲಿ ಎಷ್ಟು ಹಾಕಿದ್ದೀಯ? ಮುಚ್ಚುಮರೆ ಬೇಡ.

ಶರಣಬಸವೇಶ್ವರ ಜಾತ್ರೆಗೆ ಬಾ, ಕೂತು ಮಾತಾಡೋಣ. ಅಲ್ಲಿವರೆಗೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ನಿನ್ನ ಅತ್ತೆ