ಫೆಬ್ರವರಿ 22ರ ಮದುವೆ: ನನ್ನ ಮುಖದ ವಿಷಯ

ನಮಸ್ಕಾರ ಮೇಡಂ,

ಮೊನ್ನೆ ಫೋನಿನಲ್ಲಿ ‘ನಿಮ್ಮ ಸ್ಕಿನ್ ಹೇಗಿದೆ, ಬಜೆಟ್ ಎಷ್ಟು, ಎಂಥ ಲುಕ್ ಬೇಕು, ಸ್ವಲ್ಪ ಬರೆದು ಕಳಿಸಿ’ ಅಂದಿದ್ದಿರಿ. ಸ್ವಲ್ಪ ಅಂತಲೇ ಶುರು ಮಾಡಿದೆ, ಆಮೇಲೆ ಕೈ ನಿಲ್ಲಲಿಲ್ಲ. ಪುರುಸೊತ್ತಾದಾಗ ಓದಿ.

ಮೇಕಪ್ ಹಾಕಿಸಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹಾಕಿದ್ದು ಗೊತ್ತಾಗಬಾರದು, ಅಷ್ಟೇ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎರಡು ತಿಂಗಳ ಹಿಂದೆ ಮದುವೆಗೆ ಮುಂಚಿನ ಫೋಟೋಶೂಟ್ ಮಾಡಿಸಿದ್ದೆವು. ಅವತ್ತು ಮೇಕಪ್ ಮಾಡಿದವರು ನನ್ನ ಬಣ್ಣಕ್ಕಿಂತ ಎರಡು ಶೇಡ್ ಬೆಳ್ಳಗಿನ ಫೌಂಡೇಶನ್ ಹಚ್ಚಿದರು. ‘ಕ್ಯಾಮೆರಾದಲ್ಲಿ ಸರಿ ಹೋಗುತ್ತೆ ಸರ್’ ಅಂದರು. ನಾನೂ ಸುಮ್ನೆ ಕೂತೆ. ಫೋಟೋ ಬಂದಾಗ ನೋಡಿದರೆ ಮುಖ ಬೂದಿ ಬಣ್ಣ, ಕುತ್ತಿಗೆ ಮತ್ತು ಕಿವಿ ಕಂದು, ಫ್ಲ್ಯಾಶ್ ಬಿದ್ದ ಫೋಟೋಗಳಲ್ಲಂತೂ ಕಣ್ಣಿನ ಕೆಳಗೆ ಎರಡು ಬಿಳಿ ಪಟ್ಟೆ ಬೇರೆ. ನನ್ನ ತಂಗಿ ಆ ಫೋಟೋಗೆ ‘ಹಿಟ್ಟಿನ ಗಿರಣಿ’ ಅಂತ ಹೆಸರಿಟ್ಟಿದ್ದಾಳೆ. ಮದುವೆ ಆಲ್ಬಮ್‌ಗೆ ಅದೇ ಹೆಸರು ಬರಬಾರದು ಅನ್ನುವುದು ಈ ಪತ್ರದ ಉದ್ದೇಶ.

ಈಗ ಚರ್ಮದ ವಿಷಯ. ವಯಸ್ಸು 31. ಬಣ್ಣ ಎಣ್ಣೆಗಪ್ಪು, ಒಳಗಿನ ಛಾಯೆ ಹಳದಿಯ ಕಡೆಗೆ. ಗುಲಾಬಿ ಛಾಯೆಯ ಫೌಂಡೇಶನ್ ಹಚ್ಚಿದರೆ ಹತ್ತೇ ನಿಮಿಷದಲ್ಲಿ ಬೂದಿ ಹೊಡೆಯುತ್ತದೆ, ಅದು ಅವತ್ತೇ ಗೊತ್ತಾಯಿತು. ಹಣೆ, ಮೂಗು, ಗಲ್ಲದ ತುದಿಯಲ್ಲಿ ಎಣ್ಣೆ ಜಾಸ್ತಿ. ಮುಖ ತೊಳೆದು ಎರಡು ಗಂಟೆ ಆದರೆ ಸಾಕು, ಹಣೆ ಮಿಂಚಲು ಶುರು. ಕೆನ್ನೆ ಮಾಮೂಲು, ಆದರೆ ಬಾಯಿಯ ಎರಡೂ ಬದಿಗೆ ಒಣಗಿ ಸಿಪ್ಪೆ ಏಳುತ್ತದೆ. ಆ ಜಾಗಕ್ಕೆ ಮೊದಲು ಮಾಯಿಶ್ಚರೈಸರ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಇಲ್ಲದಿದ್ದರೆ ಮೇಲೆ ಏನು ಹಾಕಿದರೂ ಅದು ಸಿಪ್ಪೆಗೇ ಅಂಟಿಕೊಂಡು ಸುಣ್ಣದ ಗೋಡೆ ಥರ ಕಾಣುತ್ತದೆ.

ಕಾಲೇಜಿನ ದಿನಗಳಲ್ಲಿ ಮೊಡವೆ ತುಂಬಾ ಇತ್ತು. ಈಗ ಕಡಿಮೆ. ಎಡಗೆನ್ನೆಯಲ್ಲಿ ಐದಾರು ಕಪ್ಪು ಕಲೆ ಉಳಿದಿವೆ, ಬಲಗಡೆ ಕಿವಿಯ ಹತ್ತಿರ ಎರಡು ಮೂರು ಸಣ್ಣ ಗುಂಡಿಗಳಿವೆ. ಕಲೆಗಳ ಮೇಲೆ ಮಾತ್ರ ಸಣ್ಣ ಬ್ರಷ್‌ನಲ್ಲಿ ಕನ್ಸೀಲರ್ ಇಟ್ಟು ಅಂಚು ಕರಗಿಸಿದರೆ ಸಾಕು, ಅದಕ್ಕಾಗಿ ಇಡೀ ಕೆನ್ನೆಗೆ ಬಳಿಯಬೇಡಿ. ಗುಂಡಿಗಳನ್ನು ಹಾಗೇ ಬಿಟ್ಟುಬಿಡಿ. ಬಣ್ಣ ಹಚ್ಚಿದರೆ ಬಣ್ಣ ಮುಚ್ಚುತ್ತದೆ, ತಗ್ಗು ಮುಚ್ಚುವುದಿಲ್ಲ, ಪಕ್ಕದಿಂದ ಬೆಳಕು ಬಿದ್ದಾಗ ನೆರಳು ಇದ್ದೇ ಇರುತ್ತದೆ ಅಲ್ವಾ? ಅವು ಹದಿನೈದು ವರ್ಷದಿಂದ ನನ್ನ ಜೊತೆಗಿವೆ, ಮದುವೆಗೂ ಬರಲಿ.

ಚರ್ಮದ ಡಾಕ್ಟರ್ ಹೇಳಿದಂತೆ ವಾರಕ್ಕೆ ಮೂರು ರಾತ್ರಿ ಅಡಾಪಲೀನ್ 0.1% ಜೆಲ್ ಹಚ್ಚುತ್ತಿದ್ದೇನೆ. ಇದರಿಂದ ಚರ್ಮ ಸ್ವಲ್ಪ ನಾಜೂಕಾಗಿದೆ. ಹಾಗಾಗಿ ಮುಖಕ್ಕೆ ವ್ಯಾಕ್ಸ್ ಬೇಡವೇ ಬೇಡ, ಚರ್ಮ ಕಿತ್ತು ಬರಬಹುದು. ಸ್ಕ್ರಬ್ಬೂ ಬೇಡ. ಬ್ಲೀಚ್ ಅಂತೂ ಹೆಸರೆತ್ತಬೇಡಿ, ಒಮ್ಮೆ ಮಾಡಿಸಿಕೊಂಡು ನಾಲ್ಕು ದಿನ ಕೆಂಪು ಮುಖ ಹೊತ್ತುಕೊಂಡು ಆಫೀಸಿಗೆ ಹೋಗಿದ್ದೇನೆ. ಸುವಾಸನೆಯ ಕ್ರೀಮ್ ಕೂಡ ಆಗಿಬರುವುದಿಲ್ಲ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ನೀವು ಬಳಸುವ ಪ್ರೈಮರ್, ಫೌಂಡೇಶನ್, ಸೆಟ್ಟಿಂಗ್ ಸ್ಪ್ರೇ ಮೂರನ್ನೂ ಟ್ರಯಲ್ ದಿನವೇ ನನ್ನ ಮೊಣಕೈ ಒಳಭಾಗದಲ್ಲಿ ಒಂದೊಂದು ಚುಕ್ಕೆ ಹಚ್ಚಿ ಕಳಿಸಿ. ಎರಡು ಮೂರು ದಿನ ನೋಡಿ ಹೇಳುತ್ತೇನೆ. ಅಲರ್ಜಿ ಕೆಲವೊಮ್ಮೆ ತಕ್ಷಣ ಕಾಣುವುದಿಲ್ಲ, ಮಾರನೇ ದಿನವೋ ಅದರ ಮಾರನೇ ದಿನವೋ ಏಳುತ್ತದೆ, ನನಗಂತೂ ಹಾಗೇ ಆಗಿತ್ತು. ಅಂದಹಾಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಲೆನ್ಸ್ ಹಾಕಿಕೊಂಡೇ ಬಂದು ಕೂರುತ್ತೇನೆ, ಕಣ್ಣಿನ ಹತ್ತಿರ ಉದುರುವ ಪೌಡರ್ ಮಾತ್ರ ಬೇಡ.

ಎಲ್ಲಕ್ಕಿಂತ ದೊಡ್ಡ ತಲೆನೋವು ಗಡ್ಡ. ನಾನು ಗಡ್ಡ ಬಿಡುವವನಲ್ಲ, ಬಿಟ್ಟರೆ ಅಲ್ಲಲ್ಲಿ ಮಾತ್ರ ಬರುತ್ತದೆ. ಹಾಗಂತ ಬೆಳಗ್ಗೆ ಶೇವ್ ಮಾಡಿದರೂ ಚರ್ಮದ ಒಳಗಿನ ಕೂದಲು ಬೂದು ನೀಲಿ ನೆರಳಿನ ಥರ ಕಾಣುತ್ತದೆ, ಸಂಜೆ ಹೊತ್ತಿಗೆ ಅದು ಇನ್ನೂ ಗಾಢ. ಫೋಟೋಶೂಟ್‌ನಲ್ಲಿ ಆ ನೆರಳನ್ನು ಮುಚ್ಚಲು ಅವರು ಒಂದರ ಮೇಲೊಂದು ಪದರ ಹಾಕಿದರು, ಆದರೂ ಮುಚ್ಚಲಿಲ್ಲ, ಬರೀ ದಪ್ಪ ಆಯಿತು. ಆಮೇಲೆ ಓದಿ ತಿಳಿದುಕೊಂಡೆ, ನೀಲಿಯನ್ನು ಹೊಡೆಯಲು ಅದರ ಎದುರಿನ ಕಿತ್ತಳೆ ಛಾಯೆ ಬೇಕಂತೆ. ನನ್ನ ಬಣ್ಣಕ್ಕೆ ಪೀಚ್‌ಗಿಂತ ಸ್ವಲ್ಪ ಗಾಢವಾದ ಕರೆಕ್ಟರ್ ತೆಳ್ಳಗೆ ಹಚ್ಚಿ, ಮೇಲೆ ನನ್ನದೇ ಶೇಡ್ ತಟ್ಟಿದರೆ ಎರಡೇ ಪದರದಲ್ಲಿ ಕೆಲಸ ಮುಗಿಯಬಹುದು. ನಿಮಗೆ ಪಾಠ ಹೇಳುತ್ತಿಲ್ಲ, ನನ್ನ ಆತಂಕ ಅಂಥದ್ದು! ಪೂರ್ತಿ ಮಾಯ ಆಗುವುದೂ ಬೇಡ. ಸ್ವಲ್ಪ ನೆರಳು ಉಳಿದರೆ ಗಂಡಸಿನ ಮುಖ ಅನ್ನಿಸುತ್ತದೆ, ಇಲ್ಲದಿದ್ದರೆ ಗೊಂಬೆ.

ಇದರಲ್ಲೇ ಇನ್ನೊಂದು ಗೊಂದಲವಿದೆ. ಕುತ್ತಿಗೆಯಲ್ಲಿ ಕೂದಲು ಒಳಗೇ ಬೆಳೆದು ಸಣ್ಣ ಗುಳ್ಳೆ ಏಳುತ್ತವೆ, ಅದಕ್ಕೆ ಕೂದಲು ಬೆಳೆಯುವ ದಿಕ್ಕಿನಲ್ಲೇ, ಒಂದೇ ಸಲ ರೇಜರ್ ಎಳೆಯುತ್ತೇನೆ. ಹೊಸದಾಗಿ ಶೇವ್ ಮಾಡಿದ ಮುಖಕ್ಕೆ ಏನು ಹಚ್ಚಿದರೂ ಉರಿ. ಹಿಂದಿನ ರಾತ್ರಿ ಶೇವ್ ಮಾಡಿದರೆ ಉರಿ ಇರುವುದಿಲ್ಲ, ಆದರೆ ಸಂಜೆಯ ರಿಸೆಪ್ಷನ್ ಹೊತ್ತಿಗೆ ಒಂದು ದಿನದ ಗಡ್ಡ. ಬೆಳಗ್ಗೆ ಬೇಗ ಎದ್ದು ಮಾಡಿ, ನೀವು ಶುರು ಮಾಡುವ ಮುಂಚೆ ಒಂದೂವರೆ ಗಂಟೆ ಬಿಟ್ಟರೆ ಸರಿಯೇ? ಟ್ರಯಲ್‌ಗೆ ಹಾಗೇ ಮಾಡಿಕೊಂಡು ಬರುತ್ತೇನೆ, ನೋಡಿ ನೀವೇ ಹೇಳಿ. ಮಧ್ಯಾಹ್ನ ಮತ್ತೆ ಶೇವ್ ಮಾತ್ರ ಮಾಡುವುದಿಲ್ಲ.

ಇನ್ನು ಏನು ಬೇಕು, ಏನು ಬೇಡ. ಫೌಂಡೇಶನ್ ಶೇಡ್ ಅನ್ನು ಕೈಯ ಮೇಲೆ ನೋಡಬೇಡಿ, ದವಡೆಯಿಂದ ಕುತ್ತಿಗೆಗೆ ಎಳೆದು ಕಿಟಕಿ ಬೆಳಕಿನಲ್ಲಿ ನೋಡಿ. ನನ್ನ ಮುಖಕ್ಕಿಂತ ಕುತ್ತಿಗೆ ಸ್ವಲ್ಪ ಗಾಢ, ಕುತ್ತಿಗೆಗೇ ಹೊಂದಿಸಿ. ಕಿವಿಗೂ ಬೆರಳಲ್ಲಿ ಉಳಿದಿದ್ದನ್ನು ತಾಗಿಸಿ. ಕಣ್ಣಿನ ಕೆಳಗೆ ಕಪ್ಪಿದೆ, ಅರ್ಧ ತಿಳಿಯಾದರೆ ಸಾಕು. ಹುಬ್ಬಿನ ನಡುವೆ ಇರುವ ನಾಲ್ಕು ಕೂದಲು ಕಿತ್ತರೆ ಆಯಿತು, ಹುಬ್ಬಿಗೆ ಆಕಾರ ಕೊಡುವುದು ಬೇಡ, ಜೆಲ್ ಹಾಕಿ ಬಾಚಿ. ತುಟಿಗೆ ಹೊಳೆಯದ ಬಾಮ್. ಕಾಂಟೂರ್ ಇಲ್ಲ, ಹೈಲೈಟರ್ ಇಲ್ಲ, ಕಾಡಿಗೆ ಇಲ್ಲ. ಗಲ್ಲದ ಮೇಲಿನ ಮಚ್ಚೆ ಮುಚ್ಚಬೇಡಿ, ಅದಿಲ್ಲದಿದ್ದರೆ ನಮ್ಮ ಅಜ್ಜಿ ನನ್ನನ್ನು ಗುರುತು ಹಿಡಿಯುವುದೇ ಇಲ್ಲ.

ಪೌಡರ್ ಎಣ್ಣೆ ಇರುವ ಕಡೆ ಮಾತ್ರ. ಫ್ಲ್ಯಾಶ್‌ನಲ್ಲಿ ಬೆಳ್ಳಗಾಗಿದ್ದು ಸಿಲಿಕಾ ಇರುವ ಬಿಳಿ ಪೌಡರ್‌ನಿಂದ ಇರಬೇಕು ಅಂತ ನನ್ನ ಅನುಮಾನ, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನೂ ಹಾಗೆ ಮಾಡುತ್ತದೆ. ಅದಕ್ಕೆ ಟ್ರಯಲ್ ಮುಗಿದ ಮೇಲೆ ಫ್ಲ್ಯಾಶ್ ಹಾಕಿ ಒಂದು, ಹಾಕದೆ ಒಂದು ಫೋಟೋ ತೆಗೆಯೋಣ. ಬೆವರು ಬಂದರೆ ಟಿಶ್ಯೂ ಒತ್ತಿ ತೆಗೆದು ಆಮೇಲೆ ಬೇಕಿದ್ದರೆ ಪೌಡರ್. ಎಣ್ಣೆಯ ಮೇಲೇ ಪೌಡರ್ ಹೊಡೆದು ಹೊಡೆದು ಅವತ್ತು ಹಣೆ ಹೆಂಟೆ ಕಟ್ಟಿತ್ತು.

ಒಂದು ಸೂಕ್ಷ್ಮ ವಿಷಯ. ನಾನು ಮದುವೆಯಾಗುವ ಹುಡುಗಿ ನನಗಿಂತ ಬೆಳ್ಳಗಿದ್ದಾಳೆ. ಅವಳ ಮೇಕಪ್‌ಗೆ ಬೇರೆಯವರು ಬರುತ್ತಾರೆ. ಇಬ್ಬರೂ ಪಕ್ಕ ಪಕ್ಕ ನಿಂತಾಗ ‘ಮ್ಯಾಚ್’ ಆಗಲಿ ಅಂತ ನನ್ನನ್ನು ಬೆಳ್ಳಗೆ ಮಾಡುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ನಮ್ಮ ಚಿಕ್ಕಮ್ಮ ಅಂತೂ ನಿಮ್ಮ ಹಿಂದೆಯೇ ನಿಂತು ‘ಇನ್ನೊಂಚೂರು ಹಚ್ಚಮ್ಮಾ’ ಅನ್ನುತ್ತಾರೆ, ಈಗಲೇ ಹೇಳಿರುತ್ತೇನೆ. ನಕ್ಕು ‘ಆಯ್ತು’ ಅನ್ನಿ, ಹಚ್ಚಬೇಡಿ. ಮದುವೆಯಾಗುವವಳಿಗೇ ನನ್ನ ಬಣ್ಣದ ಬಗ್ಗೆ ತಕರಾರಿಲ್ಲ.

ಬಟ್ಟೆ ಬೆಳಗ್ಗೆ ಕೆನೆ ಬಣ್ಣದ್ದು. ಕಾಲರ್‌ಗೆ ಕಲೆ ಆದರೆ ಅಮ್ಮ ಬಿಡುವುದಿಲ್ಲ, ಹಾಗಾಗಿ ಕುತ್ತಿಗೆಗೆ ತೀರಾ ತೆಳ್ಳಗೆ. ಮುಂದೆ ಗುಂಡಿ ಇರುವ ಹಳೆ ಶರ್ಟ್ ಹಾಕಿಕೊಂಡು ಕೂರುತ್ತೇನೆ, ತಲೆಯ ಮೇಲಿಂದ ತೆಗೆಯುವ ಪ್ರಮೇಯ ಇರುವುದಿಲ್ಲ. ಕೂದಲು ನನ್ನ ಮಾಮೂಲು ಅಂಗಡಿಯಲ್ಲೇ ಎಂಟು ದಿನ ಮುಂಚೆ ಕತ್ತರಿಸಿಕೊಳ್ಳುತ್ತೇನೆ, ನೀವು ಬಾಚಿ ಕೂರಿಸಿದರೆ ಸಾಕು. ನೆತ್ತಿಯಲ್ಲಿ ತೆಳ್ಳಗಾಗಿದೆ, ಅದು ಎಲ್ಲರಿಗೂ ಗೊತ್ತು, ಅಲ್ಲಿಗೆ ಪುಡಿ ಗಿಡಿ ಉದುರಿಸುವುದು ಬೇಡ.

ಬಜೆಟ್. ಎಲ್ಲಾ ಸೇರಿ 20 ಸಾವಿರ, ಅದರ ಮೇಲೆ ಆಗುವುದಿಲ್ಲ. ನನ್ನ ಲೆಕ್ಕದಲ್ಲಿ ಟ್ರಯಲ್‌ಗೆ 3 ಸಾವಿರ, ಮದುವೆಯ ಬೆಳಗ್ಗೆ 10, ಸಂಜೆ ಟಚ್‌ಅಪ್‌ಗೆ 5, ಉಳಿದ 2 ನಿಮ್ಮ ಓಡಾಟಕ್ಕೆ. ನೀವು ಕಳಿಸಿದ ಪ್ಯಾಕೇಜ್‌ನಲ್ಲಿ ಫೇಶಿಯಲ್, ಮ್ಯಾನಿಕ್ಯೂರ್, ಹೇರ್ ಸ್ಪಾ ಎಲ್ಲಾ ಇದೆ. ನನಗೆ ಅವು ಬೇಡ, ಅವನ್ನು ತೆಗೆದರೆ ಈ ಮೊತ್ತಕ್ಕೆ ಹೊಂದಬಹುದು ಅಂದುಕೊಂಡಿದ್ದೇನೆ. ಹೊಂದದಿದ್ದರೆ ಚೌಕಾಸಿ ಮಾಡುವುದಿಲ್ಲ, ಸಂಜೆಯದನ್ನು ಬಿಡೋಣ. ಟ್ರಯಲ್ ದಿನ ತಂಗಿಯನ್ನು ಕರೆತರುತ್ತೇನೆ, ಎಣ್ಣೆ ಒತ್ತಿ ತೆಗೆಯುವುದು, ಗಡ್ಡದ ಜಾಗಕ್ಕೆ ಸ್ವಲ್ಪ ತಟ್ಟುವುದು, ಇಷ್ಟನ್ನು ಅವಳಿಗೆ ಹೇಳಿಕೊಡಿ. ಟ್ರಯಲ್ ಬಿಡುವುದು ಮಾತ್ರ ಬೇಡ. ಅಸಿಸ್ಟೆಂಟ್‌ಗೆ, ಮುಂಜಾನೆ ಬರುವುದಕ್ಕೆ ಬೇರೆ ಚಾರ್ಜ್ ಇದ್ದರೆ ಈಗಲೇ ಹೇಳಿಬಿಡಿ. ಅರ್ಧ ಹಣ ಬುಕ್ ಮಾಡುವಾಗ, ಉಳಿದರ್ಧ ಮದುವೆ ದಿನ ನೀವು ಹೊರಡುವ ಮುಂಚೆ.

ಮೂರು ಫೋಟೋ ಜೊತೆಗಿಟ್ಟಿದ್ದೇನೆ. ಬೆಳಗ್ಗೆ ಮುಖ ತೊಳೆದ ತಕ್ಷಣ ಕಿಟಕಿ ಹತ್ತಿರ ತೆಗೆದದ್ದು ಒಂದು, ಅದೇ ದಿನ ಸಂಜೆ ಐದಕ್ಕೆ ಎಣ್ಣೆ ಗಡ್ಡ ಸಮೇತ ಇನ್ನೊಂದು. ಎರಡಕ್ಕೂ ಫಿಲ್ಟರ್ ಇಲ್ಲ. ಮೂರನೆಯದು ಹಿಟ್ಟಿನ ಗಿರಣಿ. ನೋಡಿ ನಕ್ಕು ಡಿಲೀಟ್ ಮಾಡಿ, ಯಾರಿಗೂ ತೋರಿಸಬೇಡಿ.

ಟ್ರಯಲ್‌ಗೆ ಫೆಬ್ರವರಿ 7 ಅಥವಾ 8, ಬೆಳಗ್ಗೆ ಹತ್ತರ ಮೇಲೆ ಯಾವಾಗ ಬೇಕಾದರೂ ಬರಬಲ್ಲೆ. ಯಾವ ದಿನ ಅನುಕೂಲ ಅಂತ ತಿಳಿಸಿದರೆ ಆಫೀಸಿಗೆ ರಜೆ ಹಾಕುತ್ತೇನೆ.

ಇಂತಿ,
ಕಾರ್ತಿಕ್