ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ: ಮೊದಲ ನಿಮಿಷಗಳಲ್ಲಿ ಅಪ್ಪ ಅಮ್ಮ ಮಾಡಬೇಕಾದದ್ದು

ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿಯಲ್ಲಿ ಏನೇನಿರುತ್ತದೆ ನೋಡಿ: ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಅಚ್ಚಿನ ತುಂಡು, ಜೀರಿಗೆ ಪೆಪ್ಪರ್‌ಮೆಂಟು. ದೊಡ್ಡವರಿಗೆ ಇದೆಲ್ಲ ಸಿಹಿ. ಎರಡು ವರ್ಷದ ಮಗುವಿಗೆ ಮಾತ್ರ ಇದರಲ್ಲಿ ಹೆಚ್ಚಿನವು ಶ್ವಾಸನಾಳವನ್ನು ಮುಚ್ಚಬಲ್ಲ ಅಳತೆಯವು. ಆ ವಯಸ್ಸಿನ ಶ್ವಾಸನಾಳದ ಅಗಲ ಹೆಚ್ಚುಕಡಿಮೆ ಮಗುವಿನ ಕಿರುಬೆರಳಷ್ಟೇ. ಕಾಳನ್ನು ಅರೆಯುವ ದವಡೆ ಹಲ್ಲುಗಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ಮಗು ನಗುತ್ತಾ ಓಡುತ್ತಾ ತಿನ್ನುವಾಗ ಉಸಿರೆಳೆದ ರಭಸಕ್ಕೆ ಕಾಳು ಒಳಗೆ ಹೋಗುತ್ತದೆ.

ಕೆಮ್ಮುತ್ತಿದೆಯೋ, ಸದ್ದಿಲ್ಲವೋ?

ಮೊದಲು ತೀರ್ಮಾನಿಸಬೇಕಾದದ್ದು ಇದೊಂದೇ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ, ಮಾತಾಡುತ್ತಿದ್ದರೆ ಗಾಳಿ ಇನ್ನೂ ಆಡುತ್ತಿದೆ ಎಂದರ್ಥ. ಆಗ ಮುಟ್ಟಬೇಡಿ. ‘ಕೆಮ್ಮು ಪುಟ್ಟ, ಇನ್ನೂ ಜೋರಾಗಿ ಕೆಮ್ಮು’ ಎನ್ನಿ, ಪಕ್ಕದಲ್ಲೇ ಕೂತು ಗಮನಿಸಿ. ಮಗುವಿನ ಸ್ವಂತ ಕೆಮ್ಮಿನಷ್ಟು ಬಲವಾದ ತಳ್ಳು ಹೊರಗಿನಿಂದ ಯಾರೂ ಕೊಡಲಾರರು.

ಅಪಾಯ ಇರುವುದು ಮೌನದಲ್ಲಿ. ಬಾಯಿ ತೆರೆದಿದೆ, ಅಳು ಬರುತ್ತಿಲ್ಲ. ಕೆಮ್ಮು ಸೊರಗಿ ಸದ್ದೇ ಇಲ್ಲದಂತಾಗಿದೆ. ಉಸಿರೆಳೆಯುವಾಗ ಕೀಚಲು ಸದ್ದು ಬರುತ್ತಿದೆ. ತುಟಿ, ಉಗುರು ನೀಲಿಯಾಗುತ್ತಿವೆ. ಹೀಗಾದರೆ ಒಂದು ಕ್ಷಣವೂ ಕಾಯಬೇಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು 108 ಅಥವಾ 112ಕ್ಕೆ ಕರೆ ಮಾಡಲಿ. ನೀವೊಬ್ಬರೇ ಇದ್ದರೆ ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಟ್ಟು ಕೈ ಕೆಲಸ ಶುರುಮಾಡಿ.

ಒಂದು ವರ್ಷದೊಳಗಿನ ಕೂಸು

ಕುರ್ಚಿಯ ಮೇಲೋ ನೆಲದ ಮೇಲೋ ಕೂತುಕೊಳ್ಳಿ. ಕೂಸನ್ನು ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ, ಮುಂಗೈಯನ್ನು ತೊಡೆಗೆ ಆನಿಸಿ. ತಲೆ ಎದೆಗಿಂತ ಕೆಳಗಿರಬೇಕು. ಬೆರಳುಗಳಿಂದ ಕೂಸಿನ ದವಡೆ ಮೂಳೆಯನ್ನು ಹಿಡಿದು ತಲೆಗೆ ಆಸರೆ ಕೊಡಿ. ಮೂಳೆಯ ಕೆಳಗಿನ ಮೆತ್ತನೆಯ ಭಾಗ ಒತ್ತಿಹೋದರೆ ಉಸಿರಿನ ದಾರಿ ಇನ್ನಷ್ಟು ಮುಚ್ಚುತ್ತದೆ. ಇನ್ನೊಂದು ಅಂಗೈಯ ಬುಡದಿಂದ, ಅಂದರೆ ಮಣಿಕಟ್ಟಿನ ಹತ್ತಿರದ ಗಟ್ಟಿ ಭಾಗದಿಂದ, ಎರಡು ಹೆಗಲ ಮೂಳೆಗಳ ನಡುವೆ ಐದು ಸಲ ಬಲವಾಗಿ ಹೊಡೆಯಿರಿ. ತೇಗು ಬರಿಸಲು ತಟ್ಟುವ ತಟ್ಟು ಸಾಲದು. ಪ್ರತಿ ಹೊಡೆತವೂ ವಸ್ತುವನ್ನು ಹೊರತಳ್ಳಲೆಂದೇ ಬೀಳಬೇಕು. ಒಂದೊಂದರ ನಂತರವೂ ಹೊರಬಂತೇ ಎಂದು ನೋಡಿ; ಬಂದಿದ್ದರೆ ನಿಲ್ಲಿಸಿ.

ಬರಲಿಲ್ಲವೇ? ಕೂಸನ್ನು ಎರಡೂ ಮುಂಗೈಗಳ ನಡುವೆ ಹಿಡಿದು ಅಂಗಾತ ತಿರುಗಿಸಿ. ತಲೆ ಈಗಲೂ ಕೆಳಗೇ ಇರಲಿ. ಎರಡು ಮೊಲೆತೊಟ್ಟುಗಳ ನಡುವೆ ಒಂದು ಗೆರೆ ಊಹಿಸಿಕೊಂಡು, ಅದರ ಸ್ವಲ್ಪ ಕೆಳಗೆ ಎದೆಮೂಳೆಯ ಮೇಲೆ ಒಂದು ಅಂಗೈಯ ಬುಡವಿಟ್ಟು ಐದು ಸಲ ಒತ್ತಿ. ಎದೆಯ ದಪ್ಪದ ಮೂರನೇ ಒಂದು ಭಾಗ, ಸುಮಾರು 4 ಸೆಂಟಿಮೀಟರ್, ಒಳಗಿಳಿಯಬೇಕು. ಮೊದಲು ಎರಡು ಬೆರಳಿಂದ ಒತ್ತಿ ಎಂದು ಕಲಿಸುತ್ತಿದ್ದರು. ಬೆರಳಿಗೆ ಸಾಕಷ್ಟು ಬಲ ಸಿಗುವುದಿಲ್ಲವಾದ್ದರಿಂದ 2025ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾರ್ಗಸೂಚಿ ಅಂಗೈಯ ಬುಡವನ್ನೇ ಹೇಳುತ್ತದೆ. ಬೆನ್ನಿಗೆ ಐದು, ಎದೆಗೆ ಐದು. ವಸ್ತು ಹೊರಬರುವವರೆಗೆ, ಅಥವಾ ಕೂಸು ಪ್ರಜ್ಞೆ ತಪ್ಪುವವರೆಗೆ ಇದೇ ಸರದಿ.

ಈ ವಯಸ್ಸಿನಲ್ಲಿ ಹೊಟ್ಟೆ ಒತ್ತಲೇಬಾರದು. ಕೂಸಿನ ಯಕೃತ್ತು ದೊಡ್ಡದು, ಪಕ್ಕೆಲುಬಿನ ಮರೆಯಿಲ್ಲದೆ ಕೆಳಕ್ಕೆ ಚಾಚಿರುತ್ತದೆ. ಒತ್ತಿದರೆ ಹರಿಯಬಹುದು.

ಒಂದು ವರ್ಷ ದಾಟಿದ ಮಗು

ಮಗುವಿನ ಹಿಂದೆ ಮಂಡಿಯೂರಿ. ನಿಂತು ಬಗ್ಗಿದರೆ ಒತ್ತುವ ಕೋನ ತಪ್ಪುತ್ತದೆ. ಒಂದು ಕೈ ಎದೆಗೆ ಆಸರೆ ಕೊಟ್ಟು ಮಗುವನ್ನು ಮುಂದಕ್ಕೆ ಬಗ್ಗಿಸಿ, ಮೇಲೆ ಹೇಳಿದ ಜಾಗದಲ್ಲೇ ಐದು ಹೊಡೆತ ಕೊಡಿ. ಫಲ ಸಿಗದಿದ್ದರೆ ಎರಡೂ ಕೈಗಳಿಂದ ಹಿಂದಿನಿಂದ ಸುತ್ತುವರಿಯಿರಿ. ಒಂದು ಕೈ ಮುಷ್ಟಿ ಕಟ್ಟಿ, ಹೆಬ್ಬೆರಳಿನ ಬದಿಯನ್ನು ಹೊಕ್ಕುಳ ಮತ್ತು ಎದೆಮೂಳೆಯ ತುದಿಯ ನಡುವೆ ಇಡಿ. ಇನ್ನೊಂದು ಕೈಯಿಂದ ಮುಷ್ಟಿಯನ್ನು ಹಿಡಿದು ಒಳಕ್ಕೂ ಮೇಲಕ್ಕೂ ಐದು ಸಲ ಜೋರಾಗಿ ಎಳೆಯಿರಿ. ಮುಷ್ಟಿ ಪಕ್ಕೆಲುಬಿಗಾಗಲಿ ಎದೆಮೂಳೆಯ ತುದಿಗಾಗಲಿ ತಾಗಕೂಡದು. ಇಲ್ಲೂ ಐದು-ಐದರ ಸರದಿ.

ನೆತ್ತಿ ತಟ್ಟುವುದು, ಬೆರಳು ಹಾಕುವುದು, ನೀರು ಕುಡಿಸುವುದು

ಮಗುವಿಗೆ ನೆತ್ತಿಗೆ ಹತ್ತಿತೆಂದರೆ ಅಜ್ಜಿಯರು ನೆತ್ತಿ ತಟ್ಟಿ ಊದುತ್ತಾರೆ. ಅದರ ಹಿಂದಿರುವ ಅಕ್ಕರೆ ನಿಜವಾದದ್ದೇ. ಆದರೆ ನೆತ್ತಿಗೂ ಶ್ವಾಸನಾಳಕ್ಕೂ ಸಂಬಂಧವಿಲ್ಲ, ತಟ್ಟುವಷ್ಟು ಹೊತ್ತು ವ್ಯರ್ಥವಾಗುತ್ತದೆ. ಅಜ್ಜಿ-ತಾತನಿಗೂ, ಮಗು ನೋಡಿಕೊಳ್ಳುವ ಅಕ್ಕನಿಗೂ ಬೆನ್ನಿನ ಹೊಡೆತವನ್ನು ಗೊಂಬೆಯ ಮೇಲೆ ತೋರಿಸಿಕೊಡಿ. ಹಗಲಿನಲ್ಲಿ ಮಗುವಿನ ಜೊತೆ ಇರುವವರು ಅವರೇ ತಾನೆ?

ಕಾಣದ ವಸ್ತುವನ್ನು ಹುಡುಕಿ ಬಾಯೊಳಗೆ ಬೆರಳಾಡಿಸಬೇಡಿ. ಗಂಟಲ ಮೇಲಿದ್ದ ಕಾಳು ಬೆರಳು ತಾಗಿ ಒಳಗೆ ಬಿಗಿಯಾಗಿ ಕೂತುಬಿಡುತ್ತದೆ. ಹೊರಗೇ ಕಾಣುತ್ತಿದ್ದರೆ ಮಾತ್ರ ಕಿರುಬೆರಳನ್ನು ಬದಿಯಿಂದ ತಂದು ಕೊಕ್ಕೆ ಮಾಡಿ ಎಳೆಯಿರಿ. ನೀರು, ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಬೇಡಿ. ಅವೂ ಅದೇ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಲು ಹಿಡಿದು ತಲೆಕೆಳಗಾಗಿ ಅಲುಗಾಡಿಸಬೇಡಿ.

ಮಗು ಸೋತು ಬಿದ್ದರೆ

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, 108ಕ್ಕೆ ಕರೆ ಹೋಗಿಲ್ಲದಿದ್ದರೆ ಈಗ ಮಾಡಿ. ಬಾಯಿ ತೆರೆದು ನೋಡಿ. ವಸ್ತು ಕಂಡರೆ ತೆಗೆಯಿರಿ, ಕಾಣದಿದ್ದರೆ ಹುಡುಕಬೇಡಿ. ಎದೆಮೂಳೆಯ ಕೆಳಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ. ಕೂಸಿಗೆ 4, ದೊಡ್ಡ ಮಗುವಿಗೆ ಸುಮಾರು 5 ಸೆಂಟಿಮೀಟರ್ ಆಳ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ. ಮತ್ತೆ ಬಾಯಿ ನೋಡಿ, ಗಲ್ಲ ಎತ್ತಿ, ಎರಡು ಉಸಿರು ಕೊಡಿ. ಕೂಸಾದರೆ ಮೂಗು-ಬಾಯಿ ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಊದಿ. ದೊಡ್ಡ ಮಗುವಾದರೆ ಮೂಗು ಹಿಡಿದು ಬಾಯಿಗೆ ಊದಿ. ಒಂದೊಂದೂ ಒಂದು ಸೆಕೆಂಡು, ಎದೆ ಏಳುವಷ್ಟು ಮಾತ್ರ. ಏಳದಿದ್ದರೆ ತಲೆಯ ಭಂಗಿ ಸರಿಮಾಡಿ ಮತ್ತೊಮ್ಮೆ ಊದಿ. ಆಂಬುಲೆನ್ಸ್ ಬರುವವರೆಗೆ 30ಕ್ಕೆ 2ರಂತೆ ನಿಲ್ಲಿಸದೆ ಮಾಡುತ್ತಿರಿ. ಎದೆ ಒತ್ತಿದ ಒತ್ತಡಕ್ಕೇ ಎಷ್ಟೋ ಸಲ ವಸ್ತು ಸಡಿಲಗೊಳ್ಳುತ್ತದೆ.

ಹೊರಬಂದ ಮೇಲೂ

ಹೊಟ್ಟೆ ಒತ್ತಿದ್ದರೆ, ಮಗು ಲವಲವಿಕೆಯಿಂದಿದ್ದರೂ ಅದೇ ದಿನ ಆಸ್ಪತ್ರೆಗೆ ತೋರಿಸಿ. ಒಳಗಿನ ಅಂಗಕ್ಕೆ ಪೆಟ್ಟಾಗಿರಬಹುದು. ಕಡಲೆಕಾಯಿ ಬೀಜದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅರ್ಧ ಬೀಜ ಶ್ವಾಸಕೋಶದ ಕಡೆಗಿಳಿದರೆ ಮಗು ಸುಧಾರಿಸಿದಂತೆ ಕಾಣುತ್ತದೆ. ಬೀಜ ತೇವಕ್ಕೆ ಉಬ್ಬಿ, ಅದರ ಎಣ್ಣೆ ಸುತ್ತ ಕೆರಳಿಸಿ, ದಿನಗಳ ನಂತರ ಬಿಡದ ಕೆಮ್ಮು, ಸುಯ್ಗುಟ್ಟುವ ಉಸಿರು, ಜ್ವರ ಬರುತ್ತವೆ. ಆಗ ವೈದ್ಯರಿಗೆ ‘ಆ ದಿನ ಹೀಗೆ ಸಿಕ್ಕಿಕೊಂಡಿತ್ತು’ ಎಂದು ಮರೆಯದೆ ಹೇಳಿ. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ. ನಿಮ್ಮ ಮಾತೇ ಅವರಿಗೆ ಸುಳಿವು. ನುಂಗಿದ್ದು ರಿಮೋಟಿನ ಗುಂಡಿ ಬ್ಯಾಟರಿಯಾದರೆ ಉಸಿರಾಟ ಸರಿಯಿದ್ದರೂ ತಕ್ಷಣ ಆಸ್ಪತ್ರೆಗೆ ಹೊರಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು.

ನಾಲ್ಕು ವರ್ಷ ತುಂಬುವವರೆಗೆ ಇಡೀ ಕಡಲೆಕಾಯಿ ಬೀಜ, ಗೋಡಂಬಿ, ಹುರಿಗಡಲೆ, ಪೆಪ್ಪರ್‌ಮೆಂಟು ಕೊಡಬೇಡಿ. ಎಳ್ಳು-ಬೆಲ್ಲವನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಅಡ್ಡ ಕೊಯ್ದರೆ ದುಂಡಗೇ ಉಳಿದು ದಾರಿಗೆ ಬಿರಡೆಯಾಗುತ್ತದೆ. ಸಪೋಟ, ಸೀತಾಫಲದ ಬೀಜಗಳನ್ನು ನೀವೇ ತೆಗೆದು ತಿನ್ನಿಸಿ. ಒಡೆದ ಬಲೂನಿನ ಚೂರು, ಅಡಿಕೆ, ಹುಣಸೆಬೀಜ ನೆಲದ ಮೇಲೆ ಉಳಿಯದಿರಲಿ. ಮಗು ಕೂತು ತಿನ್ನಲಿ, ನೀವು ಎದುರಿಗಿರಿ.