ಮಗು ಸಿಇಟಿ, ನೀಟ್ ಬರೆಯುವ ವರ್ಷ: ಮನೆಯವರಿಗೆ ಒಂದಿಷ್ಟು ಮಾತು

ದ್ವಿತೀಯ ಪಿಯು ಶುರುವಾದ ಮೇಲೆ ಮನೆಯಲ್ಲಿ ಯಾವ ಮಾತು ಎತ್ತಿದರೂ ಅದು ಪರೀಕ್ಷೆಗೇ ಬಂದು ನಿಲ್ಲುತ್ತದೆ. ಮೊದಲು ಅದಕ್ಕೊಂದು ಹೊತ್ತು ಗೊತ್ತುಮಾಡಿ. ಭಾನುವಾರ ಸಂಜೆ ಅರ್ಧ ಗಂಟೆ ಸಾಕು. ಉಳಿದ ದಿನ ಊಟದ ಹೊತ್ತಿನಲ್ಲಿ ಅಂಕ, ರ‍್ಯಾಂಕು, ಚಿಕ್ಕಪ್ಪನ ಮಗಳ ಸೀಟು ಯಾವುದೂ ಬೇಡ.

ಆ ಅರ್ಧ ಗಂಟೆಯಲ್ಲೂ "ಎಷ್ಟು ಬಂತು?" ಎಂದು ಶುರುಮಾಡಬೇಡಿ. ಅಣಕು ಪರೀಕ್ಷೆಯ ತಪ್ಪುಗಳನ್ನು ಮಗುವೇ ಮೂರು ಗುಂಪು ಮಾಡಲಿ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಹೊತ್ತು ಸಾಲಲಿಲ್ಲ. ಮೊದಲನೆಯದಕ್ಕೆ ಪಾಠ ಮತ್ತೆ ಓದಬೇಕು. ಎರಡನೆಯದು ಹೆಚ್ಚಿದ್ದರೆ ನಿದ್ದೆ ಕಡಿಮೆಯಾಗಿದೆಯೇ ನೋಡಿ. ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಅಭ್ಯಾಸ.

ಯಾವ ಪರೀಕ್ಷೆಯ ಲೆಕ್ಕ ಹೇಗೆ ಎಂಬುದು ನಿಮಗೂ ಗೊತ್ತಿರಲಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. 130 ಪ್ರಶ್ನೆಗೆ ಉತ್ತರಿಸಿ 30 ತಪ್ಪಿದರೆ 400ರಲ್ಲಿ 30 ಹೋಗಿ 370. "ಎಲ್ಲಾ ಬರೆದು ಬಾ" ಎನ್ನುವ ಬುದ್ಧಿಮಾತು ಒಂದು ಕಡೆ ಸರಿ, ಇನ್ನೊಂದು ಕಡೆ ನಷ್ಟ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ ಪಾಲು ಸೇರುವುದರಿಂದ, ಕೋಚಿಂಗ್ ಗುಂಗಿನಲ್ಲಿ ಕಾಲೇಜಿನ ಪಾಠ ಬಿಟ್ಟರೆ ಅಲ್ಲೇ ಪೆಟ್ಟು.

ರಾತ್ರಿ ಹನ್ನೊಂದಕ್ಕೆ ದೀಪ ಆರಲಿ. ಓದಿದ್ದು ತಲೆಯಲ್ಲಿ ನಿಲ್ಲುವುದು ನಿದ್ದೆಯಲ್ಲೇ. ನೀಟ್ ನಡೆಯುವುದು ಮಧ್ಯಾಹ್ನ, ಊಟವಾಗಿ ಕಣ್ಣು ಎಳೆಯುವ ಹೊತ್ತು. ಕೊನೆಯ ನಾಲ್ಕು ವಾರ ಭಾನುವಾರದ ಅಣಕು ಪರೀಕ್ಷೆಯನ್ನು ಎರಡು ಗಂಟೆಗೇ ಇಡಿ. ಹನ್ನೊಂದೂವರೆಗೆ ಅನ್ನ, ಸಾರು, ಮಜ್ಜಿಗೆ ಹಿತಮಿತವಾಗಿ ಮುಗಿಯಲಿ. ಹೊಸ ತಿಂಡಿ, ಹೊಸ ಟಾನಿಕ್ ಆ ತಿಂಗಳು ಬೇಡ.

ಫೋನ್ ಕಿತ್ತುಕೊಂಡರೆ ಸ್ನೇಹಿತರ ಫೋನ್ ಸಿಗುತ್ತದೆ. ರಾತ್ರಿ ಮನೆಯವರೆಲ್ಲರ ಫೋನೂ ಹಾಲ್‌ನಲ್ಲೇ ಚಾರ್ಜಿಗಿರಲಿ, ನಿಮ್ಮದೂ ಸೇರಿ. ಧಾರಾವಾಹಿ ನಿಲ್ಲಿಸಿ ಮನೆಯನ್ನೆಲ್ಲ ಮೌನ ಮಾಡಬೇಕಿಲ್ಲ. "ನನಗೋಸ್ಕರ ಇಷ್ಟೆಲ್ಲ ಬಿಟ್ಟಿದ್ದಾರೆ" ಎಂಬುದೂ ಒಂದು ಹೊರೆಯೇ. ಕಟ್ಟಿದ ಫೀಸಿನ ಮಾತಂತೂ ಎತ್ತಲೇಬೇಡಿ.

ಎರಡು ವಾರ ನಿದ್ದೆ, ಊಟ ಕೆಟ್ಟಿದ್ದರೆ, ಸ್ನೇಹಿತರನ್ನೂ ದೂರ ಮಾಡಿದರೆ ವೈದ್ಯರಿಗೆ ತೋರಿಸಿ. "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ನಾಳೆಗೆ ಬಿಡಬೇಡಿ. ಒಬ್ಬರೇ ಇರಲು ಬಿಡದೆ ಜೊತೆಗಿದ್ದು ಆ ದಿನವೇ ಸಹಾಯ ಪಡೆಯಿರಿ. ಟೆಲಿ ಮನಸ್ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಿಇಟಿಯಲ್ಲಿ ಒಂದೇ ದಿನ ಎರಡು ಪತ್ರಿಕೆ ಇರುತ್ತವೆ. ನಡುವಿನ ಬಿಡುವಿನಲ್ಲಿ ಗೇಟಿನ ಹೊರಗೆ ಕೀ ಉತ್ತರ ತಾಳೆ ನೋಡುವವರ ಗುಂಪಿನಿಂದ ಮಗುವನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ. ಬುತ್ತಿ ಬಿಚ್ಚಿಕೊಡಿ, ನೀರು ಕೊಡಿ. ಹೇಗಾಯಿತು ಎಂದು ಅದಾಗಿ ಹೇಳಿದರೆ ಕೇಳಿಸಿಕೊಳ್ಳಿ.